ಗೇಟಿನ ಪುಸ್ತಕದ ಸ್ವೀಟ್ ಬಾಕ್ಸ್, ಫಾರ್ಮಿನಲ್ಲಿ ಇಲ್ಲದ ಅಳಿಯ

ದೀಪಾವಳಿ ಮುಗಿದು ಒಂದು ತಿಂಗಳಾದ ಮೇಲೆ ಕುಂಬಳೆ ಆಚೆಗಿನ ಒಂದು ಕಂಪೆನಿಗೆ ಆಡಿಟ್‌ಗೆ ಹೋಗಿದ್ದೆ. ತೆಂಗಿನ ಉತ್ಪನ್ನಗಳನ್ನು ಹೊರದೇಶಕ್ಕೆ ಕಳಿಸುವ ಕಂಪೆನಿ. ಹೆಸರು ಬೇಡ. ಗುರುತು ಸಿಗದ ಹಾಗೆ ಅಂಕಿಗಳನ್ನೂ ಸ್ವಲ್ಪ ಬದಲಿಸಿದ್ದೇನೆ. ಅಲ್ಲಿ ಒಂದು ಲಂಚ ತಡೆ ನೀತಿ ಇತ್ತು. ಅದರ ಪ್ರಕಾರ ಸಿಬ್ಬಂದಿ ತಮಗೆ ಬಂದ ಉಡುಗೊರೆ, ಉಂಡ ಊಟ, ವ್ಯವಹಾರದಲ್ಲಿ ಇರುವ ನಂಟು ಎಲ್ಲವನ್ನೂ ಬರೆದು ಕೊಡಬೇಕು. ಬರೆದಿದ್ದಾರಾ, ಬರೆದದ್ದು ನಿಜವಾ ಅಂತ ನೋಡುವುದು ನನ್ನ ಕೆಲಸ.

ಎಚ್‌ಆರ್ ವಿಭಾಗದವರು ಉಡುಗೊರೆ ರಿಜಿಸ್ಟರ್ ತಂದಿಟ್ಟರು. ಚೊಕ್ಕವಾಗಿತ್ತು. ದಿನಾಂಕ, ಕೊಟ್ಟವರು, ಪಡೆದವರು, ಅಂದಾಜು ಬೆಲೆ, ಮೇಲಧಿಕಾರಿಯ ಸಹಿ. ವರ್ಷಕ್ಕೆ 46 ನಮೂದು. ಖಾಲಿ ಜಾಗ ಒಂದೂ ಇಲ್ಲ. ಅದನ್ನು ಬದಿಗಿಟ್ಟು ನಾನು ಗೇಟಿಗೆ ನಡೆದೆ.

ಗೇಟಿನಲ್ಲಿ ಕಾವಲಿನವರ ಹತ್ತಿರ ಒಂದು ಉದ್ದದ ಪುಸ್ತಕ ಇರುತ್ತದೆ. ಗಾಡಿ ನಂಬ್ರ, ಬಂದ ಹೊತ್ತು, ಯಾರನ್ನು ನೋಡಲು, ಕೈಯಲ್ಲಿ ಏನು. ದೀಪಾವಳಿಯ ಆಸುಪಾಸಿನ ಪುಟ ತೆಗೆದೆ. ‘ಸ್ವೀಟ್ ಬಾಕ್ಸ್ 2, ಪರ್ಚೇಸ್ ಸಾರ್’. ‘ದೊಡ್ಡ ಪ್ಯಾಕೆಟ್ 1, ಪರ್ಚೇಸ್ ಸಾರ್’. ‘ಡ್ರೈಫ್ರೂಟ್, ಸ್ಟೋರ್ಸ್’. ಹೀಗೆ ಸಾಲು ಸಾಲು.

“ಅಣ್ಣ, ಇದನ್ನೂ ಬರೀತೀರಾ?” ಅಂದೆ.

“ಒಳಗೆ ಹೋಗುವುದನ್ನೆಲ್ಲ ಬರೆಯಲೇಬೇಕಲ್ಲ ಸಾರ್. ನಾಳೆ ಏನಾದ್ರೂ ಕಾಣದಿದ್ರೆ ನನ್ನನ್ನೇ ಅಲ್ವಾ ಕೇಳುವುದು?”

ಹತ್ತು ದಿನದ ಲೆಕ್ಕ ಹಾಕಿದೆ. ಗೇಟಿನ ಪುಸ್ತಕದಲ್ಲಿ 53 ಉಡುಗೊರೆ ಒಳಗೆ ಹೋಗಿವೆ. ಅದೇ ಹತ್ತು ದಿನಕ್ಕೆ ಚೊಕ್ಕ ರಿಜಿಸ್ಟರಿನಲ್ಲಿ ಇರುವುದು 31. ಇಪ್ಪತ್ತೆರಡು ಎಲ್ಲಿ ಹೋದವು?

ಈ ತರದ ಆಡಿಟ್‌ನಲ್ಲಿ ಹೆಚ್ಚಿನವರು ಎಡವುವುದು ಇಲ್ಲಿಯೇ. ರಿಜಿಸ್ಟರ್ ತೆಗೆದು ಅದರಿಂದ ಇಪ್ಪತ್ತೈದು ನಮೂದು ಆರಿಸುತ್ತಾರೆ. ಸಹಿ ಇದೆಯಾ, ಮಿತಿಯ ಒಳಗಿದೆಯಾ ಅಂತ ನೋಡುತ್ತಾರೆ. ಎಲ್ಲ ಸರಿ ಇದೆ ಅಂತ ವರದಿ ಬರೆಯುತ್ತಾರೆ. ಬರೆದದ್ದು ಸರಿ ಇದೆಯಾ ಅಂತ ಮಾತ್ರ ಅದರಿಂದ ಗೊತ್ತಾಗುತ್ತದೆ. ಮುಚ್ಚಿಡಬೇಕು ಅನ್ನುವವನು ಬರೆಯುವುದೇ ಇಲ್ಲವಲ್ಲ. ಅದಕ್ಕೆ ಉಡುಗೊರೆಯ ಜೊತೆ ಸಂಬಂಧವೇ ಇಲ್ಲದ, ಬೇರೆ ಯಾವುದೋ ಕಾರಣಕ್ಕೆ ಬರೆದಿಟ್ಟ ಒಂದು ಪುಸ್ತಕ ಬೇಕು. ಕಾವಲಿನವರು ತಮ್ಮ ಮೇಲೆ ಮಾತು ಬರಬಾರದು ಅಂತ ಬರೆದರು. ಹಾಗಾಗಿ ಅವರ ಪುಸ್ತಕವನ್ನು ನಂಬಬಹುದು.

ಇಪ್ಪತ್ತೆರಡರ ಬಗ್ಗೆ ಒಬ್ಬೊಬ್ಬರನ್ನೇ ಕೇಳುತ್ತಾ ಹೋದೆ. ಒಂಬತ್ತು ಬಾಕ್ಸ್ ಆಫೀಸಿನಲ್ಲೇ ಒಡೆದು ಎಲ್ಲರೂ ಹಂಚಿ ತಿಂದಿದ್ದರು. ಅದಕ್ಕೆ ಹತ್ತು ಮಂದಿ ಸಾಕ್ಷಿ. ನೀತಿಯ ಪ್ರಕಾರ ಅದನ್ನೂ ಬರೆಯಬೇಕಿತ್ತು, ಆದರೆ ನಾನು ಅದನ್ನು ದೊಡ್ಡದು ಮಾಡಲಿಲ್ಲ. ಉಳಿದ ಹದಿಮೂರು ಇಬ್ಬರ ಮನೆಗೆ ಹೋಗಿದ್ದವು. ಅದರಲ್ಲಿ ಒಬ್ಬರು ಪರ್ಚೇಸ್ ಮ್ಯಾನೇಜರ್. ಗೇಟಿನ ಪುಸ್ತಕಕ್ಕೂ ಒಂದು ಮಿತಿ ಇದೆ ಅನ್ನುವುದನ್ನು ಮರೆಯಬಾರದು. ನೇರವಾಗಿ ಮನೆಗೆ ತಲುಪಿದ್ದು ಅದರಲ್ಲಿ ಸಿಗುವುದಿಲ್ಲ.

ಲಂಡನ್ನಿನಿಂದ ಬಂದ ನೀತಿ

ಇಷ್ಟು ಸಣ್ಣ ಕಂಪೆನಿಗೆ ಇದೆಲ್ಲ ಯಾಕೆ ಅಂತ ಕೇಳಬಹುದು. ಕಂಪೆನಿ ಕಾಯಿದೆಯ 138ನೇ ಸೆಕ್ಷನ್ ಪ್ರಕಾರ ಖಾಸಗಿ ಕಂಪೆನಿಗೆ ಆಂತರಿಕ ಆಡಿಟ್ ಕಡ್ಡಾಯ ಆಗುವುದು ವಹಿವಾಟು 200 ಕೋಟಿ ಮುಟ್ಟಿದಾಗ, ಅಥವಾ ಬ್ಯಾಂಕ್ ಸಾಲ 100 ಕೋಟಿ ದಾಟಿದಾಗ. ಈ ಕಂಪೆನಿ ಅದರ ಹತ್ತಿರಕ್ಕೂ ಬರುವುದಿಲ್ಲ. ಅವರಿಗೆ ನೀತಿ ಬಂದದ್ದು ಬ್ರಿಟನ್ನಿನ ಖರೀದಿದಾರರಿಂದ. ಅಲ್ಲಿನ 2010ರ ಲಂಚ ಕಾಯಿದೆಯಲ್ಲಿ, ಕಂಪೆನಿಯ ಪರವಾಗಿ ಕೆಲಸ ಮಾಡುವವರು ಎಲ್ಲೇ ಲಂಚ ಕೊಟ್ಟರೂ ಅದನ್ನು ತಡೆಯದ ಕಂಪೆನಿಯೇ ತಪ್ಪಿತಸ್ಥ ಆಗಬಹುದು. ತಪ್ಪಿಸಿಕೊಳ್ಳಲು ಇರುವ ದಾರಿ ಒಂದೇ, ತಡೆಯಲು ತಕ್ಕ ವ್ಯವಸ್ಥೆ ಇತ್ತು ಅಂತ ತೋರಿಸುವುದು. ಹಾಗಾಗಿ ಅಲ್ಲಿನವರು ತಮ್ಮ ಸರಕು ಎಲ್ಲಿಂದ ಬರುತ್ತದೋ ಅಲ್ಲಿಯ ತನಕ ಫಾರ್ಮ್ ಕಳಿಸುತ್ತಾರೆ.

ನಮ್ಮಲ್ಲೂ ಈಗ ಹಾಗೆಯೇ. 1988ರ ಭ್ರಷ್ಟಾಚಾರ ತಡೆ ಕಾಯಿದೆಗೆ 2018ರಲ್ಲಿ ತಿದ್ದುಪಡಿ ಆಯಿತು. ಲಂಚ ಕೊಡುವುದು ಕೂಡ ನೇರವಾಗಿ ಅಪರಾಧ ಆಯಿತು. 9ನೇ ಸೆಕ್ಷನ್ ಪ್ರಕಾರ ಕಂಪೆನಿಯ ಮೇಲೂ ಕೇಸು ಹಾಕಬಹುದು. ಅಲ್ಲಿಯೂ ತಕ್ಕ ವ್ಯವಸ್ಥೆ ಇತ್ತು ಅನ್ನುವುದೇ ರಕ್ಷಣೆ. ಒಂದು ವ್ಯತ್ಯಾಸ ಗೊತ್ತಿರಲಿ. ನಮ್ಮ ಈ ಕಾಯಿದೆ ಸರಕಾರಿ ನೌಕರರಿಗೆ ಕೊಡುವ ಲಂಚದ ಬಗ್ಗೆ ಮಾತ್ರ. ಸಪ್ಲೈಯರ್ ಒಬ್ಬ ಖಾಸಗಿ ಕಂಪೆನಿಯ ಪರ್ಚೇಸ್ ಮ್ಯಾನೇಜರ್‌ನ ಕೈ ಬಿಸಿ ಮಾಡಿದರೆ ಅದು ಇದರಡಿ ಬರುವುದಿಲ್ಲ. ಬ್ರಿಟನ್ನಿನ ಕಾಯಿದೆಯಲ್ಲಿ ಎರಡೂ ಬರುತ್ತವೆ. ಕಂಪೆನಿಯ ನೀತಿ ಅದನ್ನೇ ನಕಲು ಮಾಡಿದ್ದರಿಂದ ಅದರಲ್ಲೂ ಬಂದಿದೆ.

ನಕಲು ಅಂದೆನಲ್ಲ, ನಿಜವಾಗಿಯೂ ನಕಲೇ. ಹದಿನೆಂಟು ಪುಟದ ಇಂಗ್ಲಿಷ್ ಪಿಡಿಎಫ್. ಅಲ್ಲಿ ಕೆಲಸ ಮಾಡುವವರು ಕನ್ನಡ, ತುಳು, ಮಲಯಾಳ ಮಾತಾಡುವವರು. ಪ್ರತಿ ಏಪ್ರಿಲ್‌ನಲ್ಲಿ ಕೊನೆಯ ಪುಟಕ್ಕೆ ಸಹಿ ಹಾಕುತ್ತಾರೆ. ಮುಂದೆ ಹೇಳುವ ಕತೆಯಲ್ಲಿ ಅರ್ಧ ತಪ್ಪು ಈ ಪಿಡಿಎಫ್‌ನದ್ದೇ.

ಎರಡು ಸಾವಿರದ ಗೆರೆ

ನೀತಿಯಲ್ಲಿ ಉಡುಗೊರೆಯ ಮಿತಿ 2,000 ರೂಪಾಯಿ. ಅದಕ್ಕಿಂತ ಜಾಸ್ತಿ ಆದರೆ ಮೊದಲೇ ಅನುಮತಿ ಬೇಕು, ಇಲ್ಲವೇ ವಾಪಸ್ ಕೊಡಬೇಕು. ರಿಜಿಸ್ಟರಿನ 46 ನಮೂದಿನಲ್ಲಿ 19ಕ್ಕೆ ಬೆಲೆ 1,900 ಅಥವಾ 1,950 ಅಂತ ಇತ್ತು. ಒಂದಕ್ಕೂ 2,000ದ ಮೇಲೆ ಇಲ್ಲ.

ಹೀಗೆ ಗೆರೆಯ ಕೆಳಗೆ ರಾಶಿ ಬಿದ್ದಿದ್ದರೆ ಸಂಶಯ ಬರುತ್ತದೆ, ಬರಬೇಕು ಕೂಡ. ಆದರೆ ಅಷ್ಟಕ್ಕೇ ಕಳ್ಳತನ ಅನ್ನಲಾಗದು. ಸಪ್ಲೈಯರ್‌ಗಳಿಗೂ ಈ ಮಿತಿ ಗೊತ್ತಿರುತ್ತದೆ. ಮಂಗಳೂರಿನ ಅಂಗಡಿಗೆ ಹೋಗಿ “ಎರಡು ಸಾವಿರದ ಒಳಗೆ ಒಂದು ಬಾಕ್ಸ್ ಮಾಡಿ ಕೊಡಿ” ಅಂತ ಹೇಳುವವರು ಇದ್ದಾರೆ. ಅದು ನೀತಿ ಕೆಲಸ ಮಾಡುತ್ತಿದೆ ಅನ್ನುವುದಕ್ಕೆ ಗುರುತು. ಹಾಗಾದರೆ ಎರಡನ್ನೂ ಬೇರೆ ಮಾಡುವುದು ಹೇಗೆ? ಬೆಲೆ ಬರೆದವರು ಯಾರು ಅಂತ ನೋಡಬೇಕು. ಇಲ್ಲಿ ಬರೆದದ್ದು ಪಡೆದವರೇ. ನಾನು ವಸ್ತುವಿನ ಹೆಸರಿನ ಪ್ರಕಾರ ಪಟ್ಟಿ ಮಾಡಿದೆ. ಒಂದೇ ಅಂಗಡಿಯ ಒಂದೇ ಅಳತೆಯ ಡ್ರೈಫ್ರೂಟ್ ಪೆಟ್ಟಿಗೆಗೆ ಸ್ಟೋರ್ಸಿನವರು 1,200 ಅಂತ ಬರೆದಿದ್ದರು, ಪರ್ಚೇಸಿನವರು 1,950 ಅಂತ. ಅಂಗಡಿಗೆ ಫೋನ್ ಮಾಡಿ ಕೇಳಿದೆ. 3,400. ಇಬ್ಬರೂ ತಪ್ಪು. ಸ್ಟೋರ್ಸಿನ ಹುಡುಗನಿಗೆ ಬೆಲೆಯ ಅಂದಾಜೇ ಇರಲಿಲ್ಲ. ಪರ್ಚೇಸಿನವರಿಗೆ ಬೆಲೆಯೂ ಗೊತ್ತಿತ್ತು, ಗೆರೆಯೂ ಗೊತ್ತಿತ್ತು ಅಂತ ನನಗೆ ಅನ್ನಿಸಿತು. ಅನ್ನಿಸಿದ್ದನ್ನು ವರದಿಯಲ್ಲಿ ಬರೆಯಲು ಆಗುವುದಿಲ್ಲ. ಮೂರು ಬೆಲೆಗಳನ್ನು ಮಾತ್ರ ಬರೆದೆ.

ಊಟದ ಲೆಕ್ಕ ಇನ್ನೂ ಸುಲಭ. ತಲೆಗೆ ಇಷ್ಟು ಅಂತ ಮಿತಿ ಇಟ್ಟರೆ ತಲೆಗಳು ಜಾಸ್ತಿ ಆಗುತ್ತವೆ. 7,600ರ ಬಿಲ್ಲಿಗೆ ನಾಲ್ಕು ಜನ ಅಂತ ಬರೆದಿದ್ದರು, ತಲೆಗೆ 1,900 ಆಯಿತು. ಹೋಟೆಲಿನ ಬಿಲ್ಲಿನ ತುದಿಯಲ್ಲಿ ಮೇಜಿನ ನಂಬ್ರದ ಪಕ್ಕ ಜನ 2 ಅಂತ ಅಚ್ಚಾಗಿತ್ತು. ಅತಿಥಿಗಳ ಹೆಸರಿನ ಕಾಲಂ ಖಾಲಿ.

ಕಂಪೆನಿ ತಾನೇ ಕೊಟ್ಟ ಉಡುಗೊರೆಯನ್ನೂ ನೋಡಬೇಕು. ಅದನ್ನು ಹೆಚ್ಚಿನವರು ಮರೆಯುತ್ತಾರೆ. ದೀಪಾವಳಿಗೆ 60 ಬಾಕ್ಸ್ ಖರೀದಿ ಮಾಡಿದ ಬಿಲ್ಲು ಇತ್ತು. ಸಿಬ್ಬಂದಿ ಸಹಿ ಹಾಕಿ ಪಡೆದದ್ದು 34. ಹೊರಗಿನವರಿಗೆ ಕೊಟ್ಟದ್ದು ಅಂತ ರಿಜಿಸ್ಟರಿನಲ್ಲಿ 12. ಹದಿನಾಲ್ಕು ಬಾಕ್ಸಿನ ಲೆಕ್ಕ ಇಲ್ಲ. ಇದಕ್ಕೆ ನಾನು ಅಕೌಂಟ್ಸಿನ ಹತ್ತಿರ ಹೋಗುತ್ತೇನೆ. ಕಾರಣ ಇದೆ. ಜಿಎಸ್‌ಟಿ ಕಾಯಿದೆಯ 17(5)(h) ಪ್ರಕಾರ ಉಡುಗೊರೆಯಾಗಿ ಕೊಟ್ಟ ಸರಕಿನ ಮೇಲೆ ಕಟ್ಟಿದ ತೆರಿಗೆಗೆ ಕ್ರೆಡಿಟ್ ಸಿಗುವುದಿಲ್ಲ. ಹಾಗಾಗಿ ಹುಷಾರಿನ ಅಕೌಂಟೆಂಟ್ ಯಾವ ಬಿಲ್ಲು ಉಡುಗೊರೆಯದ್ದು ಅಂತ ಬೇರೆ ಗುರುತು ಇಟ್ಟಿರುತ್ತಾನೆ. ಲಂಚ ತಡೆ ನೀತಿಗೆ ಹೆದರದವನೂ ಜಿಎಸ್‌ಟಿ ನೋಟೀಸಿಗೆ ಹೆದರುತ್ತಾನೆ. ಇಲ್ಲಿಯ ಅಕೌಂಟೆಂಟ್ ಪಟ್ಟಿ ಇಟ್ಟಿದ್ದರು. ಪಟ್ಟಿಯಲ್ಲಿ 60 ಬಾಕ್ಸಿನ ಬಿಲ್ಲಿನ ಜೊತೆಗೆ ರಿಜಿಸ್ಟರಿನಲ್ಲಿ ಸುಳಿವೇ ಇಲ್ಲದ ಇನ್ನೂ ಎರಡು ಬಿಲ್ಲು ಸಿಕ್ಕವು.

ಹದಿನಾಲ್ಕು ಬಾಕ್ಸ್ ಎಲ್ಲಿ ಹೋದವು ಅಂತ ಡ್ರೈವರ್‌ನ ಟ್ರಿಪ್ ಶೀಟ್ ಹೇಳಿತು. ಹತ್ತು ಗಿರಾಕಿಗಳಿಗೆ, ನಾಲ್ಕು ಸರಕಾರಿ ಕಚೇರಿಗೆ. “ಸ್ವೀಟ್ ಅಲ್ವಾ ಸಾರ್, ಹಬ್ಬಕ್ಕೆ ಎಲ್ಲರೂ ಕೊಡುತ್ತಾರೆ” ಅಂದರು ಆಫೀಸಿನವರು. ಇರಬಹುದು. ಆದರೆ ಭ್ರಷ್ಟಾಚಾರ ತಡೆ ಕಾಯಿದೆಯಲ್ಲಿ ಇಷ್ಟು ರೂಪಾಯಿ ತನಕ ಪರವಾಗಿಲ್ಲ ಅನ್ನುವ ಗೆರೆ ಇಲ್ಲ. ಕೊಟ್ಟ ವಾರದಲ್ಲಿ ಆ ಕಚೇರಿಯಲ್ಲಿ ಕಂಪೆನಿಯ ಅರ್ಜಿ ಯಾವುದಾದರೂ ಬಾಕಿ ಇತ್ತಾ ಅಂತ ನೋಡಿದೆ. ಒಂದು ಕಡೆ ಇತ್ತು, ಲೈಸೆನ್ಸ್ ನವೀಕರಣ. ಆ ಬಾಕ್ಸ್‌ಗೆ ಮೊದಲೇ ಅನುಮತಿ ಪಡೆಯಬೇಕಿತ್ತು. ಪಡೆದಿರಲಿಲ್ಲ. ವರದಿಯಲ್ಲಿ ಅದನ್ನು ಮೊದಲ ಪುಟಕ್ಕೆ ಹಾಕಿದೆ. ಬೆಲೆಯಲ್ಲಿ ಅದು ಎಲ್ಲಕ್ಕಿಂತ ಸಣ್ಣದು, ಆದರೆ ಕಂಪೆನಿಯ ಮೇಲೆ ಕೇಸು ಬೀಳಬಹುದಾದದ್ದು ಅದರಿಂದಲೇ.

ಅಳಿಯ ಅಂದರೆ ಯಾರು?

ಈಗ ನಂಟಿನ ವಿಷಯಕ್ಕೆ ಬರೋಣ. ಹಿತಾಸಕ್ತಿ ಸಂಘರ್ಷ ಅಂತ ಕಡತದಲ್ಲಿ ಬರೆಯುತ್ತಾರೆ. ಬಾಯಿಮಾತಿನಲ್ಲಿ ಹೇಳುವುದಾದರೆ, ಕಂಪೆನಿಯ ಪರವಾಗಿ ತೀರ್ಮಾನ ಮಾಡುವವನಿಗೆ ಆ ತೀರ್ಮಾನದಿಂದ ಮನೆಕಡೆ ಲಾಭ ಬರುವ ಹಾಗಿದ್ದರೆ ಅದನ್ನು ಮೊದಲೇ ಹೇಳಬೇಕು ಅಂತ.

ಫಾರ್ಮಿನಲ್ಲಿ ಒಂದೇ ಪ್ರಶ್ನೆ ಇತ್ತು. ನಿಮಗೆ ಅಥವಾ ನಿಮ್ಮ ಸಂಬಂಧಿಕರಿಗೆ ನಮ್ಮ ಯಾವುದೇ ಸಪ್ಲೈಯರ್‌ನಲ್ಲಿ ಪಾಲು ಇದೆಯಾ? ಕೆಳಗೆ ಸಣ್ಣ ಅಕ್ಷರದಲ್ಲಿ ಸಂಬಂಧಿಕ ಅಂದರೆ 2013ರ ಕಂಪೆನಿ ಕಾಯಿದೆಯ 2(77)ರಲ್ಲಿ ಹೇಳಿದವರು ಅಂತ. ಆ ಪಟ್ಟಿ ಹೀಗಿದೆ: ಗಂಡ ಅಥವಾ ಹೆಂಡತಿ, ಹಿಂದೂ ಅವಿಭಕ್ತ ಕುಟುಂಬದ ಸದಸ್ಯರು, ತಂದೆ, ತಾಯಿ, ಮಗ, ಮಗನ ಹೆಂಡತಿ, ಮಗಳು, ಮಗಳ ಗಂಡ, ಅಣ್ಣತಮ್ಮ, ಅಕ್ಕತಂಗಿ. ಅಷ್ಟೇ.

ಯಾರು ಇಲ್ಲ ನೋಡಿ. ಹೆಂಡತಿಯ ಅಪ್ಪ ಇಲ್ಲ. ಹೆಂಡತಿಯ ತಮ್ಮ ಇಲ್ಲ. ಅಕ್ಕನ ಗಂಡ ಇಲ್ಲ. ಸೋದರಮಾವ ಇಲ್ಲ. ಸೋದರಳಿಯ ಇಲ್ಲ. ಕಾಸರಗೋಡಿನಲ್ಲಿ ಕೂತು ಈ ಪಟ್ಟಿ ಓದಿದರೆ ನಗು ಬರುತ್ತದೆ. ಇದು ಹಳೆಯ ದಕ್ಷಿಣ ಕನ್ನಡ ಜಿಲ್ಲೆಯ ತುಂಡು. ಬಂಟರು, ಬಿಲ್ಲವರು ಮುಂತಾದ ಹಲವರಲ್ಲಿ ಆಸ್ತಿ ಮಾವನಿಂದ ಅಳಿಯನಿಗೆ, ಅಂದರೆ ಅಕ್ಕತಂಗಿಯರ ಮಕ್ಕಳಿಗೆ ಹೋಗುತ್ತಿತ್ತು. ಅದಕ್ಕೇ 1949ರ ಮದ್ರಾಸ್ ಅಳಿಯಸಂತಾನ ಕಾಯಿದೆ ಅಂತ ಬೇರೆ ಒಂದು ಇತ್ತು. ಕೇರಳ 1975ರಲ್ಲಿ ಕಾಯಿದೆ ಮಾಡಿ ಅವಿಭಕ್ತ ಕುಟುಂಬ ಪದ್ಧತಿಯನ್ನೇ ತೆಗೆಯಿತು. ಕಾಗದದಲ್ಲಿ ಹೋಯಿತು. ತರವಾಡಿನ ಕೋಲಕ್ಕೆ, ಮನೆಯ ಮದುವೆಗೆ, ಸಾಲಕ್ಕೆ ಜಾಮೀನು ನಿಲ್ಲುವುದಕ್ಕೆ ಮಾವ ಅಳಿಯ ಈಗಲೂ ಹಾಗೆಯೇ ಇದ್ದಾರೆ.

ಪರ್ಚೇಸ್ ಮ್ಯಾನೇಜರ್ ತಮ್ಮ ಫಾರ್ಮಿನಲ್ಲಿ ‘ಇಲ್ಲ’ ಅಂತ ಬರೆದಿದ್ದರು. ಮೂರು ವರ್ಷವೂ ‘ಇಲ್ಲ’.

ಇಲ್ಲಿ ಕೂಡ ಫಾರ್ಮಿನಿಂದ ಶುರು ಮಾಡಬಾರದು. ಸಪ್ಲೈಯರ್‌ಗಳ ಪಟ್ಟಿ ಕಂಪ್ಯೂಟರಿನಲ್ಲಿ ಇರುತ್ತದೆ: ಹೆಸರು, ವಿಳಾಸ, ಮೊಬೈಲ್, ಬ್ಯಾಂಕ್ ಖಾತೆ, ಪ್ಯಾನ್, ಜಿಎಸ್‌ಟಿ ನಂಬ್ರ. ಸಿಬ್ಬಂದಿಯ ಪಟ್ಟಿಯಲ್ಲೂ ಹೆಚ್ಚು ಕಡಿಮೆ ಇವೇ ಇರುತ್ತವೆ. ಎರಡನ್ನೂ ಅಕ್ಕಪಕ್ಕ ಇಟ್ಟು ಒಂದೇ ಖಾತೆ, ಒಂದೇ ಮೊಬೈಲ್, ಒಂದೇ ವಿಳಾಸ ಇದೆಯಾ ಅಂತ ಹುಡುಕುತ್ತೇವೆ. ಇಷ್ಟನ್ನು ಎಲ್ಲರೂ ಮಾಡುತ್ತಾರೆ. ಇಷ್ಟಕ್ಕೆ ಸಿಕ್ಕಿಬೀಳುವವರು ಕಡಿಮೆ, ಯಾಕೆಂದರೆ ಯಾರೂ ತಮ್ಮ ಹೆಸರಿನಲ್ಲೇ ಅಂಗಡಿ ಇಡುವುದಿಲ್ಲ. ನಾನು ಇನ್ನೊಂದು ಕಾಲಂ ಕೇಳುತ್ತೇನೆ. ಕೆಲಸಕ್ಕೆ ಸೇರುವಾಗ ತುರ್ತಿಗೆ ಯಾರನ್ನು ಸಂಪರ್ಕಿಸಬೇಕು ಅಂತ ಬರೆದ ಮೊಬೈಲ್ ನಂಬ್ರ. ಪಿಎಫ್ ನಾಮಿನಿಯ ಹೆಸರು ಕೂಡ. ಇದು ಖಾಸಗಿ ಮಾಹಿತಿ. ಹಾಗಾಗಿ ನಿರ್ದೇಶಕರಿಂದ ಬರಹದಲ್ಲಿ ಅನುಮತಿ ಪಡೆದು, ಎಚ್‌ಆರ್‌ನವರ ಎದುರಿಗೇ ಕೂತು ತಾಳೆ ನೋಡಿ, ಹೊಂದಿಕೆ ಆಗದ ಸಾಲುಗಳನ್ನು ಅಲ್ಲೇ ಅಳಿಸಿದೆ.

ಒಂದು ಹೊಂದಿಕೆ ಆಯಿತು. ರಟ್ಟಿನ ಪೆಟ್ಟಿಗೆ ಕೊಡುವ ಸಪ್ಲೈಯರ್‌ನ ಮೊಬೈಲ್ ನಂಬ್ರ ಪರ್ಚೇಸ್ ಮ್ಯಾನೇಜರ್‌ನ ತುರ್ತು ನಂಬ್ರ ಆಗಿತ್ತು. ಆರು ವರ್ಷ ಹಿಂದೆ ಕೆಲಸಕ್ಕೆ ಸೇರುವಾಗ ಬರೆದದ್ದು. ಸಂಬಂಧ ಅನ್ನುವ ಜಾಗದಲ್ಲಿ ಅವರದ್ದೇ ಕೈಬರಹದಲ್ಲಿ ‘ಅಳಿಯ’ ಅಂತ ಇತ್ತು. ಅವರಿಗೆ ಇರುವುದು ಒಬ್ಬ ಮಗ, ಹೈಸ್ಕೂಲು. ಹಾಗಾದರೆ ಇದು ಅಕ್ಕನ ಮಗ.

ಇಲ್ಲಿ ಒಂದು ತಮಾಷೆ ಇದೆ. ಕನ್ನಡದಲ್ಲಿ ಮಗಳ ಗಂಡನೂ ಅಳಿಯ, ಅಕ್ಕನ ಮಗನೂ ಅಳಿಯ. ಮಲಯಾಳದ ಮರುಮಗನ್ ಕೂಡ ಹಾಗೆಯೇ. ಕಂಪೆನಿಯ ಫಾರ್ಮ್ ಇಂಗ್ಲಿಷಿನಲ್ಲಿ ಇದ್ದುದರಿಂದ ಅಕ್ಕನ ಮಗ ಹೊರಗೆ ಉಳಿದ. ಅದನ್ನು ಯಾರಾದರೂ ಸುಮ್ನೆ ಕನ್ನಡಕ್ಕೆ ತಂದು ಅಳಿಯ ಅಂತ ಬರೆದಿದ್ದರೆ, ಮ್ಯಾನೇಜರ್ ‘ಇಲ್ಲ’ ಅನ್ನಲು ಆಗುತ್ತಿರಲಿಲ್ಲ.

32 ಮತ್ತು 29

ಸಂಬಂಧ ಇದೆ ಅಂದ ಮಾತ್ರಕ್ಕೆ ಮೋಸ ಆಗಿದೆ ಅಂತಲ್ಲ. ಅಳಿಯನೇ ಕಡಿಮೆ ಬೆಲೆಗೆ ಒಳ್ಳೆಯ ಪೆಟ್ಟಿಗೆ ಕೊಡುತ್ತಿರಬಹುದು. ಹಾಗಾಗಿ ಆರ್ಡರ್ ಹೇಗೆ ಸಿಕ್ಕಿತು ಅಂತ ನೋಡಲು ಕೊಟೇಶನ್ ಫೈಲು ತೆಗೆದೆ. ನಿಯಮ ಪ್ರಕಾರ ಮೂರು ಕೊಟೇಶನ್ ಇತ್ತು. ಒಂದು ಕಾಸರಗೋಡಿನದ್ದು, ಅಂದರೆ ಅಳಿಯನದ್ದು, ಪೆಟ್ಟಿಗೆಗೆ 34 ರೂಪಾಯಿ. ಇನ್ನೊಂದು ಮಂಗಳೂರಿನದ್ದು, ಬೇರೆ ಹೆಸರು, 36 ರೂಪಾಯಿ. ಮೂರನೆಯದು ಮಂಗಳೂರಿನ ಇನ್ನೊಂದು ಘಟಕದ್ದು, 32.50. ಮೂರನೆಯವರ ಮೇಲೆ ‘ಸಮಯಕ್ಕೆ ಸರಕು ಕೊಡುವ ಖಾತ್ರಿ ಇಲ್ಲ’ ಅಂತ ಪೆನ್ನಿನಲ್ಲಿ ಬರೆದು ಬಿಟ್ಟಿದ್ದರು. ಉಳಿದ ಇಬ್ಬರಲ್ಲಿ ಕಡಿಮೆ ಅಂತ ಕಾಸರಗೋಡಿನವರಿಗೆ ಕೊಟ್ಟಿದ್ದರು.

ಕೊಟೇಶನ್ನಿನ ತಲೆಯಲ್ಲಿ ಜಿಎಸ್‌ಟಿ ನಂಬ್ರ ಇರುತ್ತದೆ. ಹದಿನೈದು ಅಕ್ಷರ. ಮೊದಲ ಎರಡು ಅಂಕಿ ರಾಜ್ಯದ್ದು, ಕೇರಳಕ್ಕೆ 32, ಕರ್ನಾಟಕಕ್ಕೆ 29. ಅದರ ಮುಂದಿನ ಹತ್ತು ಅಕ್ಷರ ಮಾಲಕರ ಪ್ಯಾನ್. ಗಡಿಯ ಎರಡೂ ಕಡೆ ವ್ಯಾಪಾರ ಮಾಡುವವರಿಗೆ ಎರಡು ನಂಬ್ರ ಇರುವುದು ಸಹಜ. ತಲಪಾಡಿ ದಾಟಿದರೆ ಇನ್ನೊಂದು ರಾಜ್ಯ, ಇನ್ನೊಂದು ನೋಂದಣಿ. ಅದರಲ್ಲಿ ತಪ್ಪೇನೂ ಇಲ್ಲ. ಮೊದಲ ಎರಡು ಕೊಟೇಶನ್ನಿನ ನಂಬ್ರ ಈ ತರ ಇತ್ತು (ಅಕ್ಷರಗಳು ನಾನು ಹಾಕಿದ್ದು):

```
32ABCPK0000L1Z?
29ABCPK0000L1Z?
```

ಕೊನೆಯ ಅಕ್ಷರ ತಾಳೆ ನೋಡಲು ಇಟ್ಟದ್ದು, ಅದು ಬೇರೆ ಬೇರೆ ಇರುತ್ತದೆ. ನಡುವಿನ ಹತ್ತು ನೋಡಿ. ಎರಡೂ ಒಂದೇ. ಅಂದರೆ ಎರಡೂ ಒಬ್ಬನದ್ದೇ. ಒಂದು ಕೈಯಿಂದ 34 ಬರೆದು ಇನ್ನೊಂದು ಕೈಯಿಂದ 36 ಬರೆದಿದ್ದಾನೆ. ಪ್ಯಾನಿನ ನಾಲ್ಕನೇ ಅಕ್ಷರ P ಇದ್ದರೆ ಅದು ವ್ಯಕ್ತಿಯ ಪ್ಯಾನ್, ಪಾಲುದಾರಿಕೆಯದ್ದಾದರೆ F ಇರುತ್ತದೆ. ಇಲ್ಲಿ P.

ಇಡೀ ಸಪ್ಲೈಯರ್ ಪಟ್ಟಿಯಲ್ಲಿ ಇಂಥದ್ದು ಇನ್ನೆಷ್ಟು ಇವೆ ಅಂತ ನೋಡಲು ದೊಡ್ಡ ಸಾಫ್ಟ್‌ವೇರ್ ಬೇಡ. ಎಕ್ಸೆಲ್ ಸಾಕು. ಜಿಎಸ್‌ಟಿ ನಂಬ್ರ B ಕಾಲಂನಲ್ಲಿ ಇದ್ದರೆ ಮೊದಲ ಸಾಲನ್ನು C ಕಾಲಂಗೆ, ಎರಡನೆಯದನ್ನು D ಕಾಲಂಗೆ ಹಾಕಿ ಕೆಳಗೆ ಎಳೆಯಿರಿ.

```
=MID(B2,3,10)
=COUNTIF(C:C,C2)
```

D ಕಾಲಂನಲ್ಲಿ 1ಕ್ಕಿಂತ ಜಾಸ್ತಿ ಬಂದದ್ದೆಲ್ಲ ಒಂದೇ ಪ್ಯಾನಿನವರು. ಈ ಕಂಪೆನಿಯಲ್ಲಿ ಒಂಬತ್ತು ಜೋಡಿ ಸಿಕ್ಕವು. ಎಂಟು ಜೋಡಿ ನಿಜವಾಗಿಯೂ ಗಡಿಯ ಎರಡೂ ಕಡೆ ಗೋದಾಮು ಇರುವವರು. ಅವರು ಒಂದೇ ಖರೀದಿಗೆ ಎರಡು ಕೊಟೇಶನ್ ಯಾವತ್ತೂ ಕೊಟ್ಟಿರಲಿಲ್ಲ. ಒಂಬತ್ತನೆಯದು ಮಾತ್ರ ಹೀಗೆ. ಪ್ಯಾನ್ ಬೇರೆ ಇದ್ದರೆ, ಉದಾಹರಣೆಗೆ ಹೆಂಡತಿಯ ಹೆಸರಿನಲ್ಲಿ ಮಂಗಳೂರಿನ ಅಂಗಡಿ ಇದ್ದಿದ್ದರೆ, ಈ ಉಪಾಯದಲ್ಲಿ ಏನೂ ಸಿಗುತ್ತಿರಲಿಲ್ಲ.

ಇನ್ನು ನಷ್ಟದ ಲೆಕ್ಕ. ಹನ್ನೊಂದು ತಿಂಗಳಲ್ಲಿ 1,80,000 ಪೆಟ್ಟಿಗೆ ತೆಗೆದುಕೊಂಡಿದ್ದರು. 34ಕ್ಕೂ 32.50ಕ್ಕೂ ಒಂದೂವರೆ ರೂಪಾಯಿ ವ್ಯತ್ಯಾಸ. ಒಟ್ಟು 2,70,000. ನಾನು ಮೊದಲ ಕರಡಿನಲ್ಲಿ ಅದನ್ನೇ ಬರೆದೆ. ರಾತ್ರಿ ಮನೆಯಲ್ಲಿ ಕೊಟೇಶನ್ ಪುನಃ ಓದುವಾಗ ಕಂಡಿತು, ಮೂರನೆಯವರ ಬೆಲೆ ಅವರ ಘಟಕದ ಬಾಗಿಲಿನ ತನಕದ್ದು. ಲಾರಿ ಬಾಡಿಗೆ ಬೇರೆ. ಮಂಗಳೂರಿನಿಂದ ತರುವುದಕ್ಕೆ ಪೆಟ್ಟಿಗೆಗೆ 90 ಪೈಸೆ ಬೀಳುತ್ತದೆ. ಹಾಗಾದರೆ ನಿಜವಾದ ವ್ಯತ್ಯಾಸ 60 ಪೈಸೆ, ಒಟ್ಟು 1,08,000. ಪೆಟ್ಟಿಗೆ ಎರಡೂ ಕಡೆ ಐದು ಪದರದ್ದೇ, ಕಾಗದದ ತೂಕವೂ ಒಂದೇ ಅಂತ ಸ್ಟೋರ್ಸಿನವರಿಂದ ಖಾತ್ರಿ ಮಾಡಿಕೊಂಡೆ. ಮೊದಲ ಅಂಕಿಯನ್ನೇ ಕೊಟ್ಟಿದ್ದರೆ ಮ್ಯಾನೇಜರ್ ಐದು ನಿಮಿಷದಲ್ಲಿ ಅದನ್ನು ಒಡೆದು ಹಾಕುತ್ತಿದ್ದರು. ಆಮೇಲೆ ಉಳಿದ ಯಾವ ಮಾತನ್ನೂ ಯಾರೂ ನಂಬುತ್ತಿರಲಿಲ್ಲ.

ಅವರ ಜೊತೆ ಕೂತು ಮಾತಾಡಿದೆ. ಐವತ್ತು ದಾಟಿದವರು, ನನಗಿಂತ ಹಿರಿಯರು.

“ನನ್ನ ಅಕ್ಕನ ಮಗ ಹೌದು. ನಾನೇ ಓದಿಸಿದ್ದು. ಮಗನಿಗಿಂತ ಜಾಸ್ತಿ” ಅಂದರು. “ಆದ್ರೆ ನಿಮ್ಮ ಫಾರ್ಮಿನಲ್ಲಿ ಅವನನ್ನು ಎಲ್ಲಿ ಬರೆಯುವುದು, ಹೇಳಿ ನೋಡುವಾ.”

“ಫಾರ್ಮಿನ ಮಾತು ಸರಿ. ಎರಡು ಕೊಟೇಶನ್ ಒಬ್ಬನದ್ದೇ ಅಂತ ಗೊತ್ತಿರಲಿಲ್ವಾ?”

ಸ್ವಲ್ಪ ಹೊತ್ತು ಸುಮ್ಮನಿದ್ದರು. “ಮೂರು ಬೇಕಲ್ಲ. ಮೂರನೆಯದು ಎಲ್ಲಿಂದ ತರುವುದು ಅಂತ…” ಅಂದರು. ಮುಂದೆ ಹೇಳಲಿಲ್ಲ.

ವರದಿಯಲ್ಲಿ ಇವೆರಡನ್ನೂ ಬೇರೆ ಬೇರೆ ಬರೆದೆ. ಅಳಿಯನ ಹೆಸರು ಬರೆಯದೇ ಇದ್ದದ್ದು ನೀತಿಯ ದೋಷ, ಅದನ್ನು ಅವರ ಮೇಲೆ ಹಾಕಲು ಆಗುವುದಿಲ್ಲ. ಒಬ್ಬನದ್ದೇ ಎರಡು ಕೊಟೇಶನ್ ಇಟ್ಟು ಪೈಪೋಟಿ ಇತ್ತು ಅಂತ ತೋರಿಸಿದ್ದು ಅವರದ್ದೇ. ನಿರ್ದೇಶಕರೊಬ್ಬರಿಗೆ ಎರಡನ್ನೂ ಸೇರಿಸಿ ‘ಸಂಬಂಧ ಮುಚ್ಚಿಟ್ಟು ಮೋಸ’ ಅಂತ ಬರೆಸುವ ಆಸೆ ಇತ್ತು. ನಾನು ಒಪ್ಪಲಿಲ್ಲ.

ಬ್ರಹ್ಮಕಲಶದ ರಶೀದಿ

ಇನ್ನೊಂದು ವಿಷಯ ನನಗೆ ಸಿಕ್ಕಿದ್ದು ಕಡತದಿಂದ ಅಲ್ಲ, ಬಸ್ಸಿನ ಕಿಟಕಿಯಿಂದ. ಬದಿಯಡ್ಕ ಕಡೆಗೆ ಹೋಗುವಾಗ ದಾರಿಬದಿಯಲ್ಲಿ ಒಂದು ಫ್ಲೆಕ್ಸ್. ದೇವಸ್ಥಾನದ ಬ್ರಹ್ಮಕಲಶೋತ್ಸವ. ಸಮಿತಿಯ ಕೋಶಾಧಿಕಾರಿಯಾಗಿ ನಮ್ಮ ಮ್ಯಾನೇಜರ್‌ನ ಫೋಟೊ. ಕೆಳಗೆ ದಾನಿಗಳ ಸಾಲಿನಲ್ಲಿ ಕಂಪೆನಿಯ ಸಪ್ಲೈಯರ್‌ಗಳ ಮೂರು ಹೆಸರು.

ಇದು ಕಂಪೆನಿಯ ಯಾವ ಪುಸ್ತಕದಲ್ಲೂ ಬರುವುದಿಲ್ಲ. ದುಡ್ಡು ಮ್ಯಾನೇಜರ್‌ನ ಕಿಸೆಗೂ ಹೋಗಿಲ್ಲ, ದೇವಸ್ಥಾನಕ್ಕೆ ಹೋಗಿದೆ, ರಶೀದಿಯೂ ಇದೆ. ಆದರೂ ಆರ್ಡರ್ ಕೊಡುವವರು ರಶೀದಿ ಪುಸ್ತಕ ಹಿಡಿದು ಬಂದರೆ ಸಪ್ಲೈಯರ್‌ಗೆ ಇಲ್ಲ ಅನ್ನಲು ಆಗುತ್ತದಾ? ಇದನ್ನು ತಿಳಿಯಲು ಒಂದೇ ದಾರಿ, ಸಪ್ಲೈಯರ್‌ಗಳನ್ನೇ ಕೇಳುವುದು. ಬಾಕಿ ಎಷ್ಟು ಅಂತ ಖಾತ್ರಿ ಮಾಡಲು ವರ್ಷಕ್ಕೊಮ್ಮೆ ಪತ್ರ ಕಳಿಸುತ್ತೇವಲ್ಲ, ಅದರಲ್ಲಿ ಒಂದು ಸಾಲು ಸೇರಿಸಿದೆ. ಈ ವರ್ಷ ನಮ್ಮ ಸಿಬ್ಬಂದಿ ಕೇಳಿದ್ದಕ್ಕೆ ಉಡುಗೊರೆ, ಊಟ, ದೇಣಿಗೆ, ಆಟಕ್ಕೆ ಸಹಾಯ ಏನಾದರೂ ಕೊಟ್ಟಿದ್ದೀರಾ? ಆಟ ಅಂದರೆ ಇಲ್ಲಿ ಯಕ್ಷಗಾನ ಅಂತ ಎಲ್ಲರಿಗೂ ಗೊತ್ತು. 18 ಪತ್ರ ಹೋಯಿತು. 7 ಉತ್ತರ ಬಂತು. ಒಬ್ಬರು ಬ್ರಹ್ಮಕಲಶಕ್ಕೆ 25,000 ಅಂತ ಬರೆದಿದ್ದರು. ಉತ್ತರ ಕೊಡದ ಹನ್ನೊಂದು ಮಂದಿಯಲ್ಲಿ ಫ್ಲೆಕ್ಸಿನಲ್ಲಿ ಕಂಡ ಉಳಿದ ಇಬ್ಬರೂ ಇದ್ದರು.

ದೇವಸ್ಥಾನಕ್ಕೆ ದುಡ್ಡು ಎತ್ತುವುದನ್ನು ನಿಲ್ಲಿಸಿ ಅಂತ ಯಾರೂ ಹೇಳಲು ಆಗದು, ಹೇಳಿದರೆ ನಾನು ಊರಿಗೆ ಹೋಗುವ ಹಾಗಿಲ್ಲ. ಸಮಿತಿಯಲ್ಲಿ ಇದ್ದೇನೆ ಅಂತ ಬರೆದು ಕೊಡಿ, ಕಂಪೆನಿಯ ಸಪ್ಲೈಯರ್‌ಗಳ ಹತ್ತಿರ ರಶೀದಿ ಪುಸ್ತಕ ಬೇರೆಯವರು ಒಯ್ಯಲಿ ಅಂತ ಶಿಫಾರಸು ಮಾಡಿದೆ.

ಫಾರ್ಮನ್ನು ಬದಲಿಸಿದೆವು. ಕನ್ನಡ ಒಂದು, ಮಲಯಾಳ ಒಂದು. ಸಂಬಂಧಿಕ ಅನ್ನುವ ಶಬ್ದವನ್ನೇ ತೆಗೆದೆವು. ಬದಲಿಗೆ ಸಪ್ಲೈಯರ್‌ಗಳ ಪೂರ್ತಿ ಪಟ್ಟಿಯನ್ನು ಮಾಲಕರ ಹೆಸರಿನ ಸಮೇತ ಫಾರ್ಮಿಗೆ ಲಗತ್ತಿಸಿದೆವು. ಇದರಲ್ಲಿ ನಿಮಗೆ ರಕ್ತಸಂಬಂಧ ಇರುವವರು, ಮದುವೆಯಿಂದ ನಂಟಾದವರು, ಒಂದೇ ತರವಾಡಿನವರು, ಸಾಲ ಕೊಟ್ಟವರು ಅಥವಾ ಪಡೆದವರು, ಜೊತೆಯಲ್ಲಿ ಜಾಗ ಇರುವವರು, ಒಂದೇ ಸಮಿತಿಯಲ್ಲಿ ಇರುವವರು ಯಾರು? ಹೆಸರಿನ ಎದುರು ಗುರುತು ಹಾಕಿ, ಏನು ಸಂಬಂಧ ಅಂತ ನಿಮ್ಮ ಮಾತಿನಲ್ಲೇ ಬರೆಯಿರಿ. ನೆನಪು ಮಾಡಿ ಬರೆಯುವುದಕ್ಕಿಂತ ಪಟ್ಟಿ ನೋಡಿ ಗುರುತು ಹಾಕುವುದು ಸುಲಭ. ಮರೆತುಹೋಯಿತು ಅನ್ನಲು ಜಾಗ ಇಲ್ಲ.

ಹಿಂದಿನ ವರ್ಷ ಇಡೀ ಕಂಪೆನಿಯಲ್ಲಿ ಮೂರು ನಂಟು ಘೋಷಣೆ ಆಗಿತ್ತು. ಹೊಸ ಫಾರ್ಮಿಗೆ 38 ಬಂತು. ನಿರ್ದೇಶಕರು ಗಾಬರಿಯಾದರು. ಇಷ್ಟು ಸಣ್ಣ ಊರಿನಲ್ಲಿ 38 ಜಾಸ್ತಿ ಏನೂ ಅಲ್ಲ, ಮೂರು ಅನ್ನುವುದೇ ವಿಚಿತ್ರ ಆಗಿತ್ತು ಅಂತ ಹೇಳಿದೆ.

ಘೋಷಣೆ ಆದ ಮೇಲೆ ನಂಟು ಇರುವವರು ಆ ಖರೀದಿಯಿಂದ ದೂರ ನಿಂತರಾ ಅಂತ ನೋಡುವುದು ಮುಂದಿನ ಕೆಲಸ. ಈ ವರ್ಷ ಹೋದಾಗ ಪರ್ಚೇಸ್ ಮ್ಯಾನೇಜರ್ ತಮ್ಮ ಫಾರ್ಮಿನಲ್ಲಿ ಹನ್ನೊಂದು ಹೆಸರಿಗೆ ಗುರುತು ಹಾಕಿದ್ದರು. ಮೊದಲನೆಯದರ ಎದುರು ‘ಅಳಿಯ (ಅಕ್ಕನ ಮಗ)’ ಅಂತ ಬ್ರಾಕೆಟ್ ಸಮೇತ. ಆ ಹನ್ನೊಂದು ಮಂದಿಗೆ ಹೋದ ಆರ್ಡರ್‌ಗಳನ್ನು ತೆಗೆದೆ. ಒಟ್ಟು ಒಂಬತ್ತು ಆರ್ಡರ್‌ಗಳಲ್ಲಿ ಏಳಕ್ಕೆ ಜನರಲ್ ಮ್ಯಾನೇಜರ್‌ನ ಒಪ್ಪಿಗೆ ಇತ್ತು. ಎರಡಕ್ಕೆ ಇವರದ್ದೇ. ಕೇಳಿದ್ದಕ್ಕೆ ಕಂಪ್ಯೂಟರ್ ತೋರಿಸಿದರು. ಐವತ್ತು ಸಾವಿರದ ಒಳಗಿನ ಆರ್ಡರ್ ಈಗಲೂ ತಾನಾಗಿ ಅವರ ಲಾಗಿನ್‌ಗೇ ಬರುತ್ತದೆ. ಬದಲಿಸಿ ಅಂತ ಸಾಫ್ಟ್‌ವೇರಿನವರಿಗೆ ಅವರು ಜುಲೈಯಲ್ಲೇ ಮೇಲ್ ಹಾಕಿದ್ದರು. ಉತ್ತರ ಬಂದಿರಲಿಲ್ಲ.